ಮರುವಿಂಗಡಣೆಯ ಸುತ್ತೋಲೆ: ‘ವರದಿ’ ಎಂಬ ಒಂದು ಪದದ ತೊಡಕು

ಪ್ರಶ್ನೆ (ಅಮ್ಮತ್ತಿ ಕಡೆಯ ಕಾಫಿ ತೋಟವೊಂದರ ಕಚೇರಿ ಮೇಲ್ವಿಚಾರಕಿ):
ನಮ್ಮಲ್ಲಿ ಮೂರು ಡಿವಿಷನ್‌ಗಳಿದ್ದು, ಏಪ್ರಿಲ್ 1ರಿಂದ ಹೊಳೆ ಡಿವಿಷನ್ನನ್ನು ಕೆಳಗಿನ ಡಿವಿಷನ್ನಿಗೆ ಸೇರಿಸುತ್ತಿದ್ದೇವೆ. ಸುತ್ತೋಲೆಯ ಕರಡನ್ನು, ತೋಟದ ಹಾಜರಿ ಮತ್ತು ಲೆಕ್ಕ ಬರೆಯುವ ಇಬ್ಬರು ರೈಟರ್‌ಗಳಿಗೆ ತೋರಿಸಿದೆ. ಒಬ್ಬರು ಕೆಲಸ ಹೋಗುತ್ತದೆಯೇ ಎಂದು ಕೇಳಿದರು, ಇನ್ನೊಬ್ಬರಿಗೆ ತಮ್ಮ ಮೇಲಧಿಕಾರಿ ಯಾರೆಂದು ತಿಳಿಯಲಿಲ್ಲ. ಮುಖ್ಯ ಭಾಗ ಹೀಗಿದೆ: “ಕಾರ್ಯದಕ್ಷತೆಯನ್ನು ಹೆಚ್ಚಿಸುವ ದೃಷ್ಟಿಯಿಂದ ವರದಿ ವ್ಯವಸ್ಥೆಯನ್ನು ಮರುವಿನ್ಯಾಸಗೊಳಿಸಲಾಗಿದ್ದು, ಸಂಬಂಧಪಟ್ಟ ಸಿಬ್ಬಂದಿಗಳು ಆಯಾ ಮುಖ್ಯಸ್ಥರಿಗೆ ವರದಿ ಮಾಡಿಕೊಳ್ಳತಕ್ಕದ್ದು. ಹೆಚ್ಚುವರಿ ರೈಟರ್‌ಗಳನ್ನು ಮುಖ್ಯ ಕಚೇರಿಗೆ ಜೋಡಿಸಲಾಗುವುದು.” ಇದನ್ನು ಹೇಗೆ ತಿದ್ದಲಿ?

ಕುಶಾಲನಗರದ ಸದಸ್ಯರೊಬ್ಬರು:
ಮೇಡಂ, ಭಾಷೆಯನ್ನು ತಿದ್ದುವ ಮೊದಲು ಕಾನೂನನ್ನು ನೋಡಿಕೊಳ್ಳಿ. ಇಂತಹ ಯಾವುದೇ ಬದಲಾವಣೆಗೂ 21 ದಿನ ಮೊದಲೇ ನೋಟಿಸ್ ಕೊಡಬೇಕು, ಇಲ್ಲದಿದ್ದರೆ ಸುತ್ತೋಲೆಯೇ ಊರ್ಜಿತವಾಗುವುದಿಲ್ಲ.

ಮಡಿಕೇರಿಯ ನಿವೃತ್ತ ತೋಟ ಆಡಳಿತಾಧಿಕಾರಿ:
ಮೇಲಿನ ಸದಸ್ಯರ ಮಾತು ಅರ್ಧ ಸರಿಯಾಗಿದೆ. ಕಾರ್ಮಿಕ ವರ್ಗಕ್ಕೆ ಸೇರಿದವರ ಸಂಬಳ, ಕೆಲಸದ ಅವಧಿ, ರಜೆ, ದರ್ಜೆ ಅಥವಾ ರೂಢಿಯಿಂದ ಬಂದ ಸೌಲಭ್ಯಗಳು ಬದಲಾಗುವುದಾದರೆ ಆ 21 ದಿನಗಳ ಮಾತು ಬರುತ್ತದೆ. ಕೆಲಸ ಹೇಳುವ ಅಧಿಕಾರಿ ಬದಲಾದ ಮಾತ್ರಕ್ಕೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಆದರೆ ಡಿವಿಷನ್ ಸೇರಿದ ಕಾರಣಕ್ಕೆ ಯಾರಾದರೂ ಬೆಳಿಗ್ಗೆ ಒಂದು ಗಂಟೆ ಬೇಗ ಬರಬೇಕಾಗುತ್ತದೆಯೇ, ಯಾರದಾದರೂ ಕ್ವಾರ್ಟರ್ಸ್ ಹೋಗುತ್ತದೆಯೇ ಎಂಬುದನ್ನು ಪಟ್ಟಿ ಮಾಡಿ, ತಮ್ಮ ಕಾರ್ಮಿಕ ಸಲಹೆಗಾರರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಇನ್ನು ಕರಡಿನ ವಿಷಯ. ತೊಡಕಿರುವುದು ‘ವರದಿ’ ಎಂಬ ಪದದಲ್ಲಿ. ನಮ್ಮ ಕಚೇರಿ ಕನ್ನಡದಲ್ಲಿ ‘ವರದಿ ಮಾಡಿಕೊಳ್ಳುವುದು’ ಎಂದರೆ ಕೆಲಸಕ್ಕೆ ಹಾಜರಾಗುವುದು ಎಂಬ ಅರ್ಥವೂ ಇದೆ, ಕೈಕೆಳಗೆ ಕೆಲಸ ಮಾಡುವುದು ಎಂಬ ಅರ್ಥವೂ ಇದೆ. ಓದುವ ರೈಟರಿಗೆ ಬೇಕಾಗಿರುವುದು ಈ ಎರಡೂ ಅಲ್ಲ. ನಾಳೆ ಬೆಳಿಗ್ಗೆ ನನಗೆ ಕೆಲಸ ಹೇಳುವವರು ಯಾರು, ಹುತ್ತರಿಗೆ ಎರಡು ದಿನ ರಜೆ ಬೇಕಾದರೆ ಅರ್ಜಿಯನ್ನು ಯಾರ ಮೇಜಿಗೆ ಕೊಡಬೇಕು, ವರ್ಷದ ಕೊನೆಗೆ ನನ್ನ ಕೆಲಸದ ಬಗ್ಗೆ ಬರೆಯುವವರು ಯಾರು, ಅವರು ಊರಲ್ಲಿಲ್ಲದಾಗ ಯಾರನ್ನು ಕೇಳಬೇಕು, ಇಷ್ಟೇ ಅವರ ಪ್ರಶ್ನೆ. ಆ ಪದವನ್ನು ಕೈಬಿಟ್ಟು ಈ ನಾಲ್ಕಕ್ಕೂ ಉತ್ತರ ಬರೆದರೆ ಅರ್ಧ ಗೊಂದಲ ತಾನಾಗಿ ಹೋಗುತ್ತದೆ.

ನಾನು ಸೇವೆಯಲ್ಲಿದ್ದಾಗ ಒಂದು ತೋಟದಲ್ಲಿ ‘ಸಂಬಂಧಪಟ್ಟ ಮುಖ್ಯಸ್ಥರು’ ಎಂದು ಬರೆದು ಕೈತೊಳೆದುಕೊಂಡಿದ್ದೆವು. ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ನೀರು ಹಾಯಿಸುವ ಹೊತ್ತಿಗೆ ಪಂಪ್ ಮೆಕ್ಯಾನಿಕ್‌ನನ್ನು ಇಬ್ಬರು ಸಹಾಯಕ ವ್ಯವಸ್ಥಾಪಕರು ಒಂದೇ ಬೆಳಿಗ್ಗೆ ಕರೆದರು. ಅವನು ಒಬ್ಬರ ಕಡೆಗೆ ಹೋದ, ಇನ್ನೊಬ್ಬರು ಅವನಿಗೆ ಮೆಮೊ ಕೊಟ್ಟರು. ತಪ್ಪು ಅವನದಲ್ಲ, ನಾನು ಬರೆದ ವಾಕ್ಯದ್ದು. ಅದು ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಎರಡನೆಯದು, ‘ಹೆಚ್ಚುವರಿ ರೈಟರ್‌ಗಳು’. ತಾವು ಬರೆಯುವಾಗ ಅದು ಎಣಿಕೆಯ ಮಾತು. ಓದುವವರಿಗೆ ‘ಬೇಡವಾದವರು’ ಎಂದು ಕೇಳಿಸುತ್ತದೆ. ಕೆಲಸ ಹೋಗುತ್ತದೆಯೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಮುಖ್ಯ ಕಚೇರಿಗೆ ಹೋಗುವವರನ್ನು ಹೆಸರು ಹಿಡಿದು ಬರೆಯಿರಿ. ವ್ಯವಸ್ಥಾಪಕರ ಹೆಸರಿನ ಹಿಂದೆ ‘ಶ್ರೀ’ ಇದ್ದರೆ ರೈಟರ್ ಮತ್ತು ಮೇಸ್ತ್ರಿಯವರ ಹೆಸರಿನ ಹಿಂದೆಯೂ ಇರಲಿ. ಒಂದೇ ಹಾಳೆಯಲ್ಲಿ ಕೆಲವರಿಗೆ ‘ಶ್ರೀ’ ಇದ್ದು ಕೆಲವರಿಗೆ ಇಲ್ಲದಿದ್ದರೆ, ಉಳಿದ ಗೌರವದ ಮಾತುಗಳನ್ನು ಯಾರೂ ನಂಬುವುದಿಲ್ಲ.

ನಾನಾದರೆ ಹೀಗೆ ಬರೆಯುತ್ತಿದ್ದೆ:

“ಹೊಳೆ ಡಿವಿಷನ್ನನ್ನು ಏಪ್ರಿಲ್ 1ರಿಂದ ಕೆಳಗಿನ ಡಿವಿಷನ್ನಿಗೆ ಸೇರಿಸಲು ಆಡಳಿತ ಮಂಡಳಿಯು ತೀರ್ಮಾನಿಸಿದೆ. ಅಂದಿನಿಂದ ಹೊಳೆ ಡಿವಿಷನ್ನಿನ ರೈಟರ್‌ಗಳಿಗೆ ದಿನದ ಕೆಲಸವನ್ನು ಕೆಳಗಿನ ಡಿವಿಷನ್ನಿನ ಸಹಾಯಕ ವ್ಯವಸ್ಥಾಪಕರು ಹೇಳುತ್ತಾರೆ. ರಜೆ ಮಂಜೂರು ಮಾಡುವವರೂ ವರ್ಷದ ಕೊನೆಗೆ ಕೆಲಸದ ಬಗ್ಗೆ ಅಭಿಪ್ರಾಯ ಬರೆಯುವವರೂ ಅವರೇ. ಅವರು ರಜೆಯಲ್ಲಿದ್ದಾಗ ವ್ಯವಸ್ಥಾಪಕರನ್ನು ಕಾಣಬೇಕು. ಚೆಕ್‌ರೋಲನ್ನು ಪ್ರತಿದಿನ ಸಂಜೆ ಮುಖ್ಯ ಕಚೇರಿಯ ಲೆಕ್ಕಾಧಿಕಾರಿಗಳಿಗೆ ಕಳುಹಿಸಬೇಕು. ಅವರು ಚೆಕ್‌ರೋಲಿನ ಬಗ್ಗೆ ಮಾತ್ರ ಕೇಳುತ್ತಾರೆ, ಬೇರೆ ಕೆಲಸ ಹೇಳುವುದಿಲ್ಲ.”

‘ಮರುವಿನ್ಯಾಸಗೊಳಿಸಲಾಗಿದ್ದು’ ಎಂಬಲ್ಲಿ ತೀರ್ಮಾನ ಮಾಡಿದವರು ಯಾರೆಂಬುದೇ ಕಾಣುವುದಿಲ್ಲ. ಇಲ್ಲಿ ಆಡಳಿತ ಮಂಡಳಿ ಎಂದು ನೇರವಾಗಿ ಬಂದಿದೆ. ಬೇಸರವಾದವರಿಗೆ ಯಾರ ಬಳಿ ಹೋಗಿ ಕೇಳಬೇಕೆಂಬುದಾದರೂ ತಿಳಿಯಬೇಕಲ್ಲವೇ?

ವಿರಾಜಪೇಟೆ ಬಳಿಯ ರೆಸಾರ್ಟ್ ಉದ್ಯೋಗಿ:
ನಮ್ಮಲ್ಲಿಯೂ ಹೀಗೆಯೇ ಆಯಿತು. ಹೌಸ್‌ಕೀಪಿಂಗ್‌ನವರಿಗೆ ಇಬ್ಬರು ಮೇಲಧಿಕಾರಿಗಳಿದ್ದಾರೆ, ರಜೆ ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ನಾನು ವರ್ಗಾವಣೆ ಕೇಳಬಹುದೇ ಎಂದು ಯಾರಾದರೂ ತಿಳಿಸುವಿರಾ?

ನಿವೃತ್ತ ಆಡಳಿತಾಧಿಕಾರಿ:
ವರ್ಗಾವಣೆಯ ಪ್ರಶ್ನೆ ಬೇರೆಯದು, ಅದನ್ನು ದಯವಿಟ್ಟು ಪ್ರತ್ಯೇಕವಾಗಿ ಕೇಳಿ. ಆದರೆ ತಾವು ಹೇಳಿದ ರಜೆಯ ತೊಂದರೆ ಇಲ್ಲಿಗೂ ಹೊಂದುತ್ತದೆ. ಕೆಲಸ ಹೇಳುವವರು ಒಬ್ಬರು, ರಜೆ ಕೊಡುವವರು ಇನ್ನೊಬ್ಬರು ಎಂದಾದರೆ, ಅದನ್ನು ಬರಹದಲ್ಲಿಯೇ ಹೇಳದ ಹೊರತು ಕೆಳಗಿನವರೇ ಪೆಟ್ಟು ತಿನ್ನುತ್ತಾರೆ.

ಪ್ರಶ್ನೆ ಕೇಳಿದವರು:
ಸರ್, ಬಹಳ ಉಪಕಾರವಾಯಿತು. ಎರಡು ವಿಷಯಗಳು ಉಳಿದಿವೆ. ಹೊಳೆ ಡಿವಿಷನ್ನಿನ ಸಹಾಯಕ ವ್ಯವಸ್ಥಾಪಕರ ಹುದ್ದೆಯೇ ಇನ್ನಿರುವುದಿಲ್ಲ. ಅವರನ್ನು ಪಲ್ಪಿಂಗ್ ಮತ್ತು ಕಣದ ಉಸ್ತುವಾರಿಗೆ ಹಾಕುತ್ತಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ. ಮತ್ತೆ, ಕ್ವಾರ್ಟರ್ಸ್ ಬಗ್ಗೆ ಆಡಳಿತ ಮಂಡಳಿ ತೀರ್ಮಾನಿಸಿಲ್ಲ, ಹಾಗಾಗಿ ಸುತ್ತೋಲೆಯಲ್ಲಿ ಅದರ ಪ್ರಸ್ತಾಪವನ್ನೇ ಬಿಟ್ಟಿದ್ದೇನೆ.

ನಿವೃತ್ತ ಆಡಳಿತಾಧಿಕಾರಿ:
ಹಾಗಿದ್ದರೆ ಸುತ್ತೋಲೆಯನ್ನು ಇಂದೇ ಹಚ್ಚಬೇಡಿ. ಅವರು ತಮ್ಮ ಹುದ್ದೆ ಹೋದ ಸುದ್ದಿಯನ್ನು ನೋಟಿಸ್ ಬೋರ್ಡಿನಲ್ಲಿ, ತಮ್ಮದೇ ರೈಟರ್‌ಗಳ ಜೊತೆಯಲ್ಲಿ ನಿಂತು ಓದುವಂತಾಗಬಾರದು. ವ್ಯವಸ್ಥಾಪಕರು ಅವರನ್ನು ಕೂರಿಸಿಕೊಂಡು ಮೊದಲು ಹೇಳಲಿ, ಸಂಬಳ ಮತ್ತು ದರ್ಜೆ ಏನಾಗುತ್ತದೆಂದು ಆಗಲೇ ತಿಳಿಸಲಿ. ಮಾರನೆಯ ದಿನ ಮುಖ್ಯ ಕಚೇರಿಗೆ ಹೋಗುವ ರೈಟರ್‌ಗಳಿಗೆ ಹೇಳಲಿ. ಆಮೇಲೆ ಎಲ್ಲರಿಗೂ ಕೊಡಿ. ಬಟವಾಡೆಯ ದಿನ ಸಂಜೆ ಮಾತ್ರ ಬೇಡ, ಏಕೆಂದರೆ ಅಂದು ಹಾಳೆಯನ್ನು ಓದಿದವರು ಸಂತೆಗೂ ಊರಿಗೂ ಹೊರಟುಬಿಡುತ್ತಾರೆ, ಅನುಮಾನ ಕೇಳಲು ಕಚೇರಿಯಲ್ಲಿ ಯಾರೂ ಇರುವುದಿಲ್ಲ. ವಾರದ ಮೊದಲ ದಿನ ಬೆಳಿಗ್ಗೆ ಕೊಡಿ.

ಕ್ವಾರ್ಟರ್ಸ್ ವಿಷಯವನ್ನು ಬರೆಯದೆ ಬಿಟ್ಟರೆ ಓದುವವರು ಮೊದಲು ಹುಡುಕುವುದು ಅದನ್ನೇ. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿದವರಿಗೆ ಮೇಲಧಿಕಾರಿ ಯಾರೆಂಬುದಕ್ಕಿಂತ ಮನೆ ಉಳಿಯುತ್ತದೆಯೇ ಎಂಬುದು ದೊಡ್ಡ ಚಿಂತೆ. “ಕ್ವಾರ್ಟರ್ಸ್ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಈ ತಾರೀಖಿನೊಳಗೆ ತಿಳಿಸುತ್ತೇವೆ, ಅಲ್ಲಿಯವರೆಗೆ ಯಾರೂ ಮನೆ ಬದಲಾಯಿಸಬೇಕಾಗಿಲ್ಲ” ಎಂದು ಬರೆಯಿರಿ. ಕೊನೆಯ ಮಾತಿಗೆ ಆಡಳಿತ ಮಂಡಳಿಯ ಒಪ್ಪಿಗೆ ಸಿಗದಿದ್ದರೆ ಅದನ್ನು ಸೇರಿಸಲೇಬೇಡಿ. ‘ಯಾರಿಗೂ ಯಾವ ತೊಂದರೆಯೂ ಆಗುವುದಿಲ್ಲ’ ಎಂಬ ಸಮಾಧಾನದ ಸಾಲನ್ನಂತೂ ಬರೆಯಬೇಡಿ. ಮೇ ತಿಂಗಳಲ್ಲಿ ಒಂದು ಮನೆ ಖಾಲಿ ಮಾಡಿಸಿದರೂ ತಮ್ಮ ಮುಂದಿನ ಯಾವ ಸುತ್ತೋಲೆಗೂ ಬೆಲೆ ಇರುವುದಿಲ್ಲ.

ಕುಶಾಲನಗರದ ಸದಸ್ಯರು:
ಸರ್, 21 ದಿನದ ವಿಷಯದಲ್ಲಿ ತಿದ್ದಿಕೊಂಡೆ. ಆದರೆ ಆ ಸಹಾಯಕ ವ್ಯವಸ್ಥಾಪಕರನ್ನು ಏಕೆ ಬದಲಾಯಿಸಲಾಯಿತು ಎಂಬ ಕಾರಣವನ್ನೂ ಸುತ್ತೋಲೆಯಲ್ಲಿ ಹೇಳಬೇಕಲ್ಲವೇ? ಹೇಳದಿದ್ದರೆ ಊಹೆಗಳು ಹಬ್ಬುತ್ತವೆ.

ನಿವೃತ್ತ ಆಡಳಿತಾಧಿಕಾರಿ:
ಡಿವಿಷನ್‌ಗಳನ್ನು ಏಕೆ ಸೇರಿಸಿದರು ಎಂಬುದನ್ನು ಹೇಳಬೇಕು, ಒಬ್ಬ ವ್ಯಕ್ತಿಯ ಬಗ್ಗೆ ಹೇಳಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಕಾರಣವನ್ನು ಹೇಳಿ ಎಂದು ಆ ಸಹಾಯಕ ವ್ಯವಸ್ಥಾಪಕರೇ ಬಯಸಬಹುದು. ಮಾತನಾಡುವಾಗ ಅವರನ್ನೇ ಕೇಳುವುದು ಸರಿ.

ಪ್ರಶ್ನೆ ಕೇಳಿದವರು:
ನಾಳೆ ವ್ಯವಸ್ಥಾಪಕರೊಂದಿಗೆ ಮಾತನಾಡುತ್ತೇನೆ. ತಿದ್ದಿದ ಹಾಳೆಯನ್ನು ಅದೇ ಇಬ್ಬರು ರೈಟರ್‌ಗಳಿಗೆ ಮತ್ತೆ ಓದಲು ಕೊಟ್ಟು, ಹುತ್ತರಿ ರಜೆಯ ಅರ್ಜಿ ಯಾರಿಗೆ ಕೊಡುತ್ತೀರಿ ಎಂದು ಕೇಳಿ ನೋಡುತ್ತೇನೆ. ಕ್ವಾರ್ಟರ್ಸ್ ಬಗ್ಗೆ ತಾರೀಖು ಕೊಡಲು ಆಡಳಿತ ಮಂಡಳಿ ಒಪ್ಪುವುದೋ ಇಲ್ಲವೋ ಗೊತ್ತಿಲ್ಲ.