ಆಫರ್ ಲೆಟರ್ ಬಂದಿದೆ, ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕೇಳುತ್ತಿದ್ದಾರೆ

ಕೇಳಿದವರು: ದೊಡ್ಡ ಕಂಪನಿಯ ಹೆಸರಲ್ಲಿ ಆಫರ್ ಲೆಟರ್ ಬಂದಿದೆ. ಇಂಟರ್‌ವ್ಯೂ ಚಾಟ್‌ನಲ್ಲೇ ಮುಗಿಯಿತು. ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಬೇಕಂತೆ, ಮೊದಲ ಸಂಬಳದ ಜೊತೆ ವಾಪಸ್ ಕೊಡ್ತಾರಂತೆ. ಬ್ಯಾಂಕ್ ವಿವರವನ್ನೂ ಕೇಳಿದ್ದಾರೆ. ಸಂಜೆಯೊಳಗೆ ಹೇಳಬೇಕು. ನಂಬಬಹುದಾ?

ಒಬ್ಬರು: ಮೇಲ್ ಜಿಮೇಲ್‌ನಿಂದ ಬಂದಿದ್ದರೆ ಮೋಸ. ಕಂಪನಿಯ ಹೆಸರಿರುವ ವಿಳಾಸವಾದರೆ ಧೈರ್ಯವಾಗಿರಿ.

ನೇಮಕಾತಿ ವಿಭಾಗದಲ್ಲಿರುವವರು: ಮೊದಲ ಮಾತು ಬಹುಮಟ್ಟಿಗೆ ಸರಿ, ಎರಡನೆಯದನ್ನು ನಂಬಿ ಕೂರಬೇಡಿ. ಕಂಪನಿಯ ನಿಜವಾದ ವಿಳಾಸ `example.com` ಅಂತಿಟ್ಟುಕೊಳ್ಳಿ. `hr@example-careers.com` ಅನ್ನುವುದು ಅದರದ್ದಲ್ಲ, ಯಾರು ಬೇಕಾದರೂ ಕೊಳ್ಳಬಹುದಾದ ಬೇರೆಯೇ ಹೆಸರು. `lookup.icann.org`ನಲ್ಲಿ @ ನಂತರದ ಭಾಗವನ್ನು ಹಾಕಿ, ಆ ಹೆಸರು ನೋಂದಣಿಯಾದ ದಿನ, ಅಂದರೆ `Created` ಎದುರಿಗಿರುವ ದಿನಾಂಕ ನೋಡಿ. ಹಳೆಯ ಕಂಪನಿಯ ಹೆಸರಿಗೆ ಕಳೆದ ತಿಂಗಳು ಹುಟ್ಟಿದ ವಿಳಾಸ ಇದ್ದರೆ ಅಲ್ಲಿಗೇ ಬಿಡಿ. ಹಳೆಯ ದಿನಾಂಕ ಇದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ.

ಕಳಿಸಿದವರ ವಿಳಾಸವನ್ನೇ ನಕಲಿ ಮಾಡುವವರೂ ಇದ್ದಾರೆ. Reply ಒತ್ತಿದಾಗ To ಜಾಗದಲ್ಲಿ ಬೇರೆ ವಿಳಾಸ ಬಂತೇ ನೋಡಿ. ಆಮೇಲೆ ಲೆಟರ್‌ನಲ್ಲಿರುವ ನಂಬರ್ ಬಿಟ್ಟು, ಕಂಪನಿಯ ವೆಬ್‌ಸೈಟ್ ನೀವೇ ಹುಡುಕಿ, ಅಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಇಷ್ಟೂ ಮಾಡುವ ಮೊದಲು, "ಡೆಪಾಸಿಟ್ಟನ್ನು ಸಂಬಳದಲ್ಲೇ ಹಿಡಿದುಕೊಳ್ಳಿ" ಅಂತ ಒಂದು ಸಾಲು ಬರೆದು ನೋಡಿ. ಒಪ್ಪದೆ ಇವತ್ತೇ ಕಟ್ಟಿ ಅಂದರೆ ಅವರಿಗೆ ಬೇಕಾಗಿದ್ದು ಆ ಹಣ ಮಾತ್ರ.

ಸಂಬಳ ಹಾಕಲು ಖಾತೆ ನಂಬರ್ ಬೇಕು ನಿಜ, ಅದನ್ನು ಕೆಲಸಕ್ಕೆ ಸೇರಿದ ಮೇಲೆ ಕೊಟ್ಟರಾಯಿತು. ಕಾರ್ಡ್ ನಂಬರ್, ಪಿನ್, ಒಟಿಪಿ ಯಾವ ಸಂಬಳಕ್ಕೂ ಬೇಕಿಲ್ಲ.

ಇನ್ನೊಬ್ಬರು: ನನ್ನದು ಉಲ್ಟಾ ಕಥೆ. ಅವರೇ ನನಗೆ ಚೆಕ್ ಕಳಿಸಿದರು, "ಇದರಲ್ಲಿ ನಮ್ಮ ಅಂಗಡಿಯವರಿಗೆ ಲ್ಯಾಪ್‌ಟಾಪ್ ಹಣ ಕಳಿಸಿ" ಅಂದರು. ಖಾತೆಯಲ್ಲಿ ಮೊತ್ತ ಕಂಡಿತು, ಕಳಿಸಿಬಿಟ್ಟೆ. ಕೆಲವು ದಿನ ಬಿಟ್ಟು ಚೆಕ್ ಬೌನ್ಸ್ ಆಯಿತು, ಬ್ಯಾಂಕ್ ಪೂರ್ತಿ ಮೊತ್ತ ಕಡಿತ ಮಾಡಿತು. ಕಳಿಸಿದ್ದು ನನ್ನ ಸ್ವಂತ ದುಡ್ಡು ಅಂತ ಗೊತ್ತಾಗಿದ್ದು ಆಗಲೇ.

ಮತ್ತೊಬ್ಬರು: ಹಾಗಾದರೆ ಏಜೆನ್ಸಿಗಳು ಕೇಳುವ ನೋಂದಣಿ ಶುಲ್ಕವೆಲ್ಲಾ ಮೋಸವಾ?

ನೇಮಕಾತಿ ವಿಭಾಗದಲ್ಲಿರುವವರು: ಎಲ್ಲವೂ ಅಂತ ಹೇಳಲಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಕೆಲಸ ಹುಡುಕುವವರಿಂದ ಏಜೆನ್ಸಿ ಶುಲ್ಕ ತೆಗೆದುಕೊಳ್ಳಬಾರದು ಅನ್ನುತ್ತದೆ, ಆದರೆ ಕೆಲವು ವಿನಾಯಿತಿಗಳಿಗೆ ಅವಕಾಶವಿದೆ. ಎಲ್ಲ ದೇಶಗಳೂ ಅದನ್ನು ಅಂಗೀಕರಿಸಿಲ್ಲ. ನಿಮ್ಮಲ್ಲಿನ ಕಾರ್ಮಿಕ ಇಲಾಖೆಯನ್ನೇ ಕೇಳಬೇಕು.

ಕೇಳಿದವರು: ಆ ಸಾಲು ಬರೆದು ಕಳಿಸಿದೆ. "ಪಾಲಿಸಿ ಇಲ್ಲ, ಸೀಟು ಬೇರೆಯವರಿಗೆ ಹೋಗುತ್ತೆ" ಅಂದರು. ಹಣ ಕಟ್ಟಲ್ಲ. ಆದರೆ ಖಾತೆ ನಂಬರ್, ಗುರುತಿನ ಚೀಟಿಯ ಪ್ರತಿ ಈಗಾಗಲೇ ಕೊಟ್ಟಾಗಿದೆ.

ನೇಮಕಾತಿ ವಿಭಾಗದಲ್ಲಿರುವವರು: ಇವತ್ತೇ ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೂ ಬರೆದುಕೊಡಿ. ಗುರುತಿಲ್ಲದ ಹಣ ಖಾತೆಗೆ ಬಿದ್ದು "ತಪ್ಪಿ ಬಂದಿದೆ, ವಾಪಸ್ ಹಾಕಿ" ಅಂತ ಕರೆ ಬಂದರೆ ನೀವು ಹಾಕಬೇಡಿ. ಅದು ಇನ್ನೊಬ್ಬರಿಂದ ಕದ್ದ ಹಣ ಇರಬಹುದು. ಹಿಂತಿರುಗಿಸುವುದಿದ್ದರೆ ಬ್ಯಾಂಕಿನವರೇ ಮಾಡಲಿ.