ಲತಾಳ ಕುರಿ 23, ರವಿಯವು ಎಷ್ಟು? ಹೇಳಿಕೆ ಲೆಕ್ಕದ ಪ್ರಶ್ನೋತ್ತರ

ಶರಣಮ್ಮ, ಕುಷ್ಟಗಿ: ಮೇಡಂ, ತಾಂಡಾ ಶಾಲೆ, ನಾಲ್ಕನೇ ತರಗತಿ. 22 ಮಕ್ಕಳು, ಅದ್ರಾಗ 17 ಮಂದಿ ಮನ್ಯಾಗ ಲಂಬಾಣಿ ಮಾತಾಡ್ತಾರ. ಬರೇ ಅಂಕಿ ಕೊಟ್ರ ಕೂಡ್ತಾರ, ಕಳೀತಾರ. ಹೇಳಿಕೆ ಲೆಕ್ಕ ಕೊಟ್ರ ಕಣ್ಣಿಗೆ ಬಿದ್ದ ಎರಡು ಸಂಖ್ಯೆ ಕೂಡಿಬಿಡ್ತಾರ. ಮೊನ್ನೆ ಕೊಟ್ಟಿದ್ದು: "ಲತಾಳ ಬಳಿ 23 ಕುರಿಗಳಿವೆ. ಇದು ರವಿಯ ಬಳಿ ಇರುವುದಕ್ಕಿಂತ 8 ಹೆಚ್ಚು. ರವಿಯ ಬಳಿ ಎಷ್ಟು ಕುರಿಗಳಿವೆ?" 14 ಮಂದಿ 31 ಅಂತ ಬರ್ದಾರ. ಯಾವ ಕ್ರಮದಾಗ ಕಲಿಸ್ಲಿ?

ಗಿರಿಜಾ ಮೇಡಂ, ಗಣಿತ ಸಂಪನ್ಮೂಲ ವ್ಯಕ್ತಿ, ರಾಯಚೂರು: ಉಳಿದ 8 ಮಂದಿ ಏನು ಬರೆದಾರ? ಮೊದಲು ಅದನ್ನ ಹೇಳ್ರಿ.

ಶರಣಮ್ಮ, ಕುಷ್ಟಗಿ: ಮೂವರು 15, ಮೂವರು 25, ಇಬ್ಬರು 8.

ಗಿರಿಜಾ ಮೇಡಂ: ಹಾಗಾದ್ರೆ ನಿಮ್ಮ ಕ್ಲಾಸಿನಲ್ಲಿ ಮೂರು ಬೇರೆ ಬೇರೆ ತೊಂದರೆ ಇವೆ. ಮೂರಕ್ಕೂ ಒಂದೇ ಪಾಠ ಆಗಲ್ಲ.

25 ಬರೆದವರಿಗೆ ಕನ್ನಡ ಅರ್ಥ ಆಗಿದೆ. ಕಳೀಬೇಕು ಅಂತ ಗೊತ್ತು, ಆದ್ರೆ 3ರಲ್ಲಿ 8 ಹೋಗಲ್ಲ ಅಂತ 8ರಲ್ಲಿ 3 ಕಳೆದಿದ್ದಾರೆ. ಅವರಿಗೆ ದಶಕ ಬಿಡಿಸೋದು ಬೇಕು, ಭಾಷೆಯ ಪಾಠ ಅಲ್ಲ. 8 ಬರೆದ ಇಬ್ಬರು "8 ಹೆಚ್ಚು" ಅನ್ನೋದನ್ನ "ರವಿ ಹತ್ರ 8 ಇವೆ" ಅಂತ ಓದಿದ್ದಾರೆ. ಎರಡು ಗುಂಪಿನ ನಡುವಿನ ಅಂತರಕ್ಕೂ ಒಂದು ಸಂಖ್ಯೆ ಇರುತ್ತೆ ಅನ್ನೋದೇ ಅವರಿಗೆ ಇನ್ನೂ ಬಂದಿಲ್ಲ. 31ರವರನ್ನ ಒಬ್ಬೊಬ್ಬರನ್ನೇ ಕರೆದು ಒಂದೇ ಪ್ರಶ್ನೆ ಕೇಳ್ರಿ: "ಯಾರ ಹತ್ರ ಕುರಿ ಜಾಸ್ತಿ ಅವ?" ರವಿ ಅಂದ್ರೆ ವಾಕ್ಯವೇ ತಿಳಿದಿಲ್ಲ. ಲತಾ ಅಂತ ಸರಿಯಾಗಿ ಹೇಳಿ ಆಮೇಲೂ 31 ಅಂದ್ರೆ, "ಹೆಚ್ಚು ಬಂದ್ರೆ ಕೂಡು" ಅಂತ ಯಾರೋ ಕಲಿಸಿದ್ದಾರೆ. ಮಗು ತಪ್ಪಿದ್ದು ಓದುವಾಗಲೋ, ಅರ್ಥ ಮಾಡಿಕೊಳ್ಳುವಾಗಲೋ, ಲೆಕ್ಕ ಆರಿಸುವಾಗಲೋ, ಲೆಕ್ಕ ಮಾಡುವಾಗಲೋ, ಉತ್ತರ ಬರೆಯುವಾಗಲೋ ಅಂತ ಕೇಳಿ ತಿಳಿಯೋ ಈ ಕ್ರಮ 1977ರಿಂದ ಇದೆ. ನ್ಯೂಮನ್ ಅನ್ನೋ ಆಸ್ಟ್ರೇಲಿಯಾದ ಶಿಕ್ಷಕಿಯದು. ಪೆನ್ನು, ಪೇಪರ್ ಸಾಕು.

ಇನ್ನು ಕ್ರಮ. ಮೊದಲ ಎರಡು ಪೀರಿಯಡ್ ಬರವಣಿಗೆ ಬೇಡ. 7 ಹುಣಸೆ ಬೀಜ ಕುರಿ, 4 ಕಡ್ಡಿ ಗೂಟ. ಒಂದೊಂದು ಗೂಟಕ್ಕೆ ಒಂದು ಕುರಿ ಕಟ್ಟಿಸ್ರಿ. "ಎಷ್ಟು ಕುರಿಗೆ ಗೂಟ ಸಿಗಲಿಲ್ಲ?" ಅಂತ ಕೇಳ್ರಿ, ಅವರು ಲಂಬಾಣಿಯಲ್ಲೇ ಹೇಳಲಿ. "ಗೂಟಕ್ಕಿಂತ ಕುರಿ ಎಷ್ಟು ಹೆಚ್ಚು?" ಅಂದ್ರೆ ಬಾಯಿ ಬಿಡದ ಮಗು "ಎಷ್ಟಕ್ಕೆ ಸಿಗಲಿಲ್ಲ?" ಅಂದ್ರೆ ತಟ್ಟನೆ 3 ಅನ್ನುತ್ತೆ. ಪ್ರಶ್ನೆಯ ಮಾತು ಬದಲಾದ್ರೆ ಉತ್ತರ ಬದಲಾಗೋದನ್ನ ಹಡ್ಸನ್ ಅನ್ನೋ ಸಂಶೋಧಕರು 1983ರಲ್ಲೇ ಹಕ್ಕಿ, ಹುಳದ ಚಿತ್ರ ಇಟ್ಟು ತೋರಿಸಿದ್ದಾರೆ. 3 ಅಂದ ಮೇಲೆ, ಬೀಜ ಕದಲಿಸದೆ, ಅದೇ ಜೋಡಣೆಯ ಮೇಲೆ ಬೆರಳಿಟ್ಟು ಕನ್ನಡ ವಾಕ್ಯ ಹೇಳ್ರಿ: "ಗೂಟಕ್ಕಿಂತ ಕುರಿ 3 ಹೆಚ್ಚು. ಕುರಿಗಿಂತ ಗೂಟ 3 ಕಡಿಮೆ." 8 ಬರೆದ ಇಬ್ಬರಿಗೆ ಇದೇ ಔಷಧ.

ಮೂರನೇ ಪೀರಿಯಡ್ಡು ಪೂರ್ತಿ "ಗಿಂತ"ಕ್ಕೆ. ಸಂಖ್ಯೆ ಒಂದೂ ಇರಬಾರದು. ಇಬ್ಬರನ್ನ ನಿಲ್ಲಿಸಿ "ಲತಾಳಿಗಿಂತ ರವಿ ಎತ್ತರ", "ರವಿ ಲತಾಳಿಗಿಂತ ಎತ್ತರ" ಅಂತ ಎರಡು ಚೀಟಿ ತೋರಿಸ್ರಿ. ಎರಡೂ ಒಂದೇನಾ, ಬೇರೇನಾ? ಕನ್ನಡದಲ್ಲಿ ಹೆಸರು ಹಿಂದೆ ಮುಂದೆ ಆದ್ರೂ ಅರ್ಥ ಕೆಡಲ್ಲ, ಗಿಂತ ಯಾವ ಹೆಸರಿಗೆ ಅಂಟಿದೆ ಅನ್ನೋದೇ ಮುಖ್ಯ. ಕನ್ನಡ ಹೊಸದಾದ ಮಗು ಹೆಸರು ಬಂದ ಕ್ರಮ ನೋಡಿ ಊಹಿಸುತ್ತೆ, ಬಾಲದ ಅಕ್ಷರ ನೋಡಲ್ಲ. ಗಿಂತ ಅಂಟಿದ ಹೆಸರಿನ ಕೆಳಗೆ ಗೆರೆ ಎಳೆಸ್ರಿ, ಅಳತೆ ಶುರು ಆಗೋದು ಅಲ್ಲಿಂದ. ಹತ್ತು ಚೀಟಿಯಲ್ಲಿ ಎಂಟು ಸರಿ ಹೇಳೋ ತನಕ ಮುಂದೆ ಹೋಗಬೇಡ್ರಿ.

ನಾಲ್ಕು, ಐದನೇ ಪೀರಿಯಡ್ ಪಟ್ಟಿ ಎಳೆಸೋದು, ಒಬ್ಬೊಬ್ಬರ ಕುರಿಗೆ ಒಂದೊಂದು ಅಡ್ಡ ಪಟ್ಟಿ, ಒಂದರ ಕೆಳಗೆ ಒಂದು. ಮೊದಲು ಸಂಖ್ಯೆ ಇಲ್ಲದ ಲೆಕ್ಕ: "ಲತಾಳ ಹತ್ರ ರವಿಗಿಂತ ಸ್ವಲ್ಪ ಹೆಚ್ಚು ಕುರಿ ಅವ." ಯಾರ ಪಟ್ಟಿ ಉದ್ದ? ಎಳೆದ ಮೇಲೆ ಸಂಖ್ಯೆ ಕೊಡ್ರಿ. 23 ಲತಾಳ ಇಡೀ ಪಟ್ಟಿಗೆ, 8 ಹೊರಗೆ ಚಾಚಿದ ತುಂಡಿಗೆ ಮಾತ್ರ, ಪ್ರಶ್ನೆ ಚಿಹ್ನೆ ರವಿ ಪಟ್ಟಿಗೆ. ಪಟ್ಟಿ ಸರಿ ಬಿದ್ರೆ ಕೂಡೋದಾ ಕಳೆಯೋದಾ ಅಂತ ನೀವು ಹೇಳೋ ಹಾಗಿಲ್ಲ, ಅವರೇ ಹೇಳ್ತಾರೆ.

ಆರನೇ ದಿನ ಬೋರ್ಡಿನ ಮೇಲೆ ಎರಡು ಲೆಕ್ಕ ಅಕ್ಕಪಕ್ಕ. ಒಂದು, "ರವಿ ಹತ್ರ 23. ಲತಾಳ ಹತ್ರ ರವಿಗಿಂತ 8 ಹೆಚ್ಚು. ಲತಾಳ ಹತ್ರ ಎಷ್ಟು?" ಇನ್ನೊಂದು ನಿಮ್ಮದೇ. ಎರಡರಲ್ಲೂ 23, 8, ಹೆಚ್ಚು. ಉತ್ತರ ಒಂದಕ್ಕೆ 31, ಇನ್ನೊಂದಕ್ಕೆ 15.

ಕೊನೆಗೆ ಪುಸ್ತಕದ ಭಾಷೆ. ನಿಮ್ಮ ಲೆಕ್ಕದ ಎರಡನೇ ವಾಕ್ಯ ನೋಡ್ರಿ. "ಇದು" ಅಂದ್ರೆ ಯಾವುದು? "ಇರುವುದಕ್ಕಿಂತ" ಒಳಗೆ ಗಿಂತ ಅಡಗಿ ಕೂತಿದೆ. ಅದಕ್ಕೆ ಮೆಟ್ಟಿಲು ಕಟ್ಟಬೇಕು: "ರವಿಗಿಂತ", ಆಮೇಲೆ "ರವಿಯ ಕುರಿಗಳಿಗಿಂತ", ಆಮೇಲೆ "ರವಿಯ ಬಳಿ ಇರುವುದಕ್ಕಿಂತ", ಕೊನೆಗೆ "ಇದು". ದಿನಕ್ಕೆ ಒಂದು ಮೆಟ್ಟಿಲು, ಸಂಖ್ಯೆ ಅವೇ ಇರಲಿ. ಸುಲಭ ಕನ್ನಡದಲ್ಲೇ ನಿಲ್ಲಿಸಿದ್ರೆ ಪರೀಕ್ಷೆಯಲ್ಲಿ ಮತ್ತೆ 31 ಬರುತ್ತೆ.

ಆಸರೆ ತೆಗೆಯುವಾಗ ಒಂದೊಂದೇ ತೆಗೀರಿ. ಮೊದಲು ಬೀಜ, ಆಮೇಲೆ ನೀವು ಎಳೆದುಕೊಡೋ ಪಟ್ಟಿ, ಆಮೇಲೆ ಗೆರೆ. "ಯಾರ ಹತ್ರ ಜಾಸ್ತಿ?" ಅನ್ನೋ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ.

ಮಂಜುನಾಥ, ಸಂಡೂರು: ಇಷ್ಟೆಲ್ಲಾ ಯಾಕೆ ಮೇಡಂ? ಈ ಚಾರ್ಟ್ ಎಲ್ಲಾ ಗ್ರೂಪಲ್ಲೂ ಬಂದೈತೆ, ಗೋಡೆಗೆ ಅಂಟಿಸಿದ್ರೆ ಸಾಕು. ಒಟ್ಟು, ಹೆಚ್ಚು, ಸೇರಿ = ಕೂಡು. ಉಳಿದ, ಕಡಿಮೆ, ವ್ಯತ್ಯಾಸ = ಕಳೆ. ತಲಾ = ಗುಣಿಸು. ಹಂಚು = ಭಾಗಿಸು. ಎಲ್ಲರಿಗೂ ಫಾರ್ವರ್ಡ್ ಮಾಡಿ.

ಗಿರಿಜಾ ಮೇಡಂ: ಮಾಡಬೇಡ್ರಿ. ಗೋಡೆ ಮೇಲೆ ಇದ್ರೆ ಇವತ್ತೇ ತೆಗೀರಿ. "ಶಿವು 6 ಮಾವಿನಹಣ್ಣು ಮಾರಿದ, ಬುಟ್ಟಿಯಲ್ಲಿ 9 ಉಳಿದವು, ಮೊದಲು ಎಷ್ಟಿದ್ದವು?" ನಿಮ್ಮ ಚಾರ್ಟ್ ಪ್ರಕಾರ 3. ಸರಿ ಉತ್ತರ 15. "20 ಪೆನ್ಸಿಲ್ 5 ಮಕ್ಕಳಿಗೆ, ತಲಾ ಎಷ್ಟು?" ಚಾರ್ಟ್ ಪ್ರಕಾರ 100. ಕನ್ನಡ ಸರಿಯಾಗಿ ಬರದ ಮಗುವಿಗೆ ಈ ಚಾರ್ಟ್ ಇನ್ನೂ ಅಪಾಯ. ಗೊತ್ತಿರೋ ಒಂದು ಪದ ಹಿಡಿದುಕೊಂಡು ಉಳಿದ ವಾಕ್ಯ ಓದೋದೇ ಬಿಟ್ಟುಬಿಡುತ್ತೆ.

ಹುಸೇನ್, ಮಾನ್ವಿ: ಮೇಡಂ, ಮಕ್ಕಳಿಗೆ ಮಗ್ಗಿ ಬಾಯಿಪಾಠ ಇಲ್ಲ. 12ರ ತನಕ ಹೇಳಿಸಿದ್ರ ಹೇಳಿಕೆ ಲೆಕ್ಕ ತಾನೇ ಬರ್ತದಲ್ಲ?

ಗಿರಿಜಾ ಮೇಡಂ: ಈ ಲೆಕ್ಕದಲ್ಲಿ ಮಗ್ಗಿ ಎಲ್ಲಿದೆ?

ವೆಂಕಟೇಶ, ಸಿರುಗುಪ್ಪ: ನಮ್ಮ ಕಡೆ ತೆಲುಗು ಮಕ್ಕಳೇ ಜಾಸ್ತಿ. ನಾನು ಇಡೀ ಲೆಕ್ಕ ತೆಲುಗಿನಾಗೇ ಹೇಳಿಬಿಡ್ತೀನಿ, ಟಕ್ಕಂತ ಮಾಡ್ತಾರೆ. ಅಷ್ಟಕ್ಕೇ ಕೆಲಸ ಮುಗೀತೈತೆ.

ಗಿರಿಜಾ ಮೇಡಂ: ಅರ್ಧ ಸರಿ. ತೆಲುಗಿನಲ್ಲಿ ಹೇಳಿದಾಗ ಮಾಡಿದ್ರೆ ಗಣಿತ ಇದೆ, ಕನ್ನಡ ಸಾಲದು ಅಂತ ತಿಳೀತು. ಪರೀಕ್ಷಿಸೋಕೆ ಒಳ್ಳೇದು. ಆದ್ರೆ ಅಲ್ಲಿಂದ ಕನ್ನಡ ವಾಕ್ಯಕ್ಕೆ ವಾಪಸ್ ಬರಬೇಕು. ತೆಲುಗಿನ "ರವಿ ಕಂಟೆ"ಯೂ ಹೆಸರಿನ ಹಿಂದೆಯೇ ಬರುತ್ತೆ, ಹಾಗಾಗಿ ಕಂಟೆ, ಗಿಂತ ಜೋಡಿಸಿ ತೋರಿಸಿದ್ರೆ ಮೂರನೇ ಪೀರಿಯಡ್ಡಿನ ಕೆಲಸ ಬೇಗ ಮುಗಿಯುತ್ತೆ. ಉರ್ದು ಮಕ್ಕಳಿಗೆ ಹಾಗಲ್ಲ. ಅವರ "ಸೇ" ಒಂದೇ, ಕನ್ನಡದ "ಇಂದ"ಕ್ಕೂ ಅದೇ, "ಗಿಂತ"ಕ್ಕೂ ಅದೇ. "ರವಿಯಿಂದ 8 ಪಡೆದಳು", "ರವಿಗಿಂತ 8 ಹೆಚ್ಚು" ಎರಡೂ ಕೊಟ್ಟು ನೋಡ್ರಿ, ಬೆರೆಸ್ತಾರೋ ಇಲ್ವೋ ಗೊತ್ತಾಗುತ್ತೆ.

ಮಂಜುನಾಥ, ಸಂಡೂರು: ಕನ್ನಡ ಮಾಧ್ಯಮ ಶಾಲೆಯಾಗೆ ತೆಲುಗು, ಲಂಬಾಣಿ ಮಾತಾಡಿಸೋದು ಸರಿನಾ? ಹಿಂಗಾದ್ರೆ ಕನ್ನಡ ಯಾವಾಗ ಕಲೀತಾರೆ?

ವೆಂಕಟೇಶ, ಸಿರುಗುಪ್ಪ: ಅರ್ಥಾನೇ ಆಗದೆ ಕೂತ್ರೆ ಕಲೀತಾರಾ ಸರ್? ನಿಮ್ಮ ಕ್ಲಾಸಲ್ಲಿ ಎಲ್ಲ ಕನ್ನಡದವರೇ, ನಿಮಗೇನು ಗೊತ್ತು?

ಮಂಜುನಾಥ, ಸಂಡೂರು: ನಮ್ಮಲ್ಲೂ ಗಣಿ ಕೆಲಸಕ್ಕೆ ಬಂದವರ ಮಕ್ಕಳು ಅವರೆ. ಗೊತ್ತಿಲ್ಲದೆ ಮಾತಾಡಬೇಡಿ.

ರೇಣುಕಾ, ಯಲಬುರ್ಗಾ: ಲಂಬಾಣಿ ನನಗ ಬರಂಗಿಲ್ಲ. ಬರದ ಟೀಚರ್ ಏನು ಮಾಡ್ಬೇಕು? ಇದನ್ನ ಯಾರೂ ಹೇಳವಲ್ರು.

ಗಿರಿಜಾ ಮೇಡಂ: ನಿಮಗೆ ಬರಬೇಕಿಲ್ಲ ರೇಣುಕಾ. ಇಬ್ಬಿಬ್ಬರು ಮಕ್ಕಳು ಕೂತು ಅವರ ಮಾತಲ್ಲಿ ಎರಡು ನಿಮಿಷ ಹೇಳ್ಕೊಳ್ಳಲಿ, ಆಮೇಲೆ ಪಟ್ಟಿ ಎಳೆದು ತೋರಿಸಲಿ. ನೀವು ಪಟ್ಟಿ ನೋಡ್ರಿ. ಲತಾಳದು ಉದ್ದ ಇದ್ರೆ ಅರ್ಥ ಆಗಿದೆ. ಆಮೇಲೆ ಈ ಚೌಕಟ್ಟು ತುಂಬಿ ಕನ್ನಡದಲ್ಲಿ ಹೇಳಿಸ್ರಿ: "___ಗಿಂತ ___ ಹತ್ರ ___ ಹೆಚ್ಚು. ಅದಕ್ಕೆ ___ ಪಟ್ಟಿ ಉದ್ದ."

ಹುಸೇನ್, ಮಾನ್ವಿ: ಆ ಚಾರ್ಟಿನ ಪಿಡಿಎಫ್ ಯಾರ ಹತ್ರಾದ್ರೂ ಅದೇನ್ರಿ?

ಗಿರಿಜಾ ಮೇಡಂ: ಮೇಲೆ ಓದ್ರಿ.

ಬಸಮ್ಮ, ಲಿಂಗಸುಗೂರು: ನಾಲ್ಕು, ಐದು ಎರಡೂ ತರಗತಿ ಒಂದೇ ಕೋಣ್ಯಾಗ ನನಗ. ಇಷ್ಟು ಪೀರಿಯಡ್ ಒಂದ ನಮೂನಿ ಲೆಕ್ಕಕ್ಕ ಎಲ್ಲಿಂದ ತರ್ಲಿ?

ಮಂಜುನಾಥ, ಸಂಡೂರು: ಅದಕ್ಕೇ ಚಾರ್ಟ್ ಅಂದಿದ್ದು.

ವೆಂಕಟೇಶ, ಸಿರುಗುಪ್ಪ: ಮತ್ತೆ ಶುರು ಆಯ್ತು.

ಶರಣಮ್ಮ, ಕುಷ್ಟಗಿ: ಮೇಡಂ, ನೀವು ಹೇಳಿದ ಪ್ರಶ್ನೆ 31ರವರಿಗೆಲ್ಲ ಕೇಳ್ದೆ. 9 ಮಂದಿ ರವಿ ಅಂದ್ರು, 5 ಮಂದಿ ಲತಾ ಅಂದ್ರು. ಆ ಐವರಿಗೆ ಪಟ್ಟಿ ಎಳೀರಿ ಅಂದ್ರ ಲತಾಳದ ಉದ್ದ ಎಳದ್ರು, ಆದ್ರ 23 ಒಯ್ದು ರವಿ ಪಟ್ಟಿ ಮ್ಯಾಲೆ ಬರದ್ರು.

ಗಿರಿಜಾ ಮೇಡಂ: ಸಂಖ್ಯೆ ಬರೆಯುವಾಗ ವಾಕ್ಯಕ್ಕೆ ವಾಪಸ್ ಹೋಗಿಲ್ಲ. ಗಿಡ್ಡ ಪಟ್ಟಿ ಮೇಲೆ 23, ಚಾಚಿದ ತುಂಡಿಗೆ 8 ಅಂತ ಇಟ್ಟುಕೊಂಡರೆ 31 ಬಂದೇ ಬರುತ್ತೆ, ಅದೇ ಅವರ ಅಭ್ಯಾಸದ ಲೆಕ್ಕ. ಪಟ್ಟಿ ಎಡಕ್ಕೆ ಹೆಸರು ಬರೆಸ್ರಿ. ಪ್ರತಿ ಸಂಖ್ಯೆ ಬರೆಯೋ ಮುಂಚೆ "ಇದು ಯಾರದು?" ಅಂತ ಕೇಳಿ ವಾಕ್ಯದ ಮೇಲೆ ಬೆರಳಿಡಿಸ್ರಿ. ಈ ಐವರನ್ನ ಆರನೇ ದಿನದ ಜೋಡಿ ಲೆಕ್ಕಕ್ಕೆ ನೇರ ತಗೋರಿ. 9 ಮಂದಿ ಮಾತ್ರ "ಗಿಂತ"ದಿಂದ ಬರಲಿ.

ರೇಣುಕಾ, ಯಲಬುರ್ಗಾ: "ಲತಾಳ ಬಳಿ ರವಿಗಿಂತ ಮೂರು ಪಟ್ಟು ಹೆಚ್ಚು" ಅಂದ್ರ ಹ್ಯಾಂಗ ಪಟ್ಟಿ ಎಳಸ್ಬೇಕು? ರವಿದು 5 ಇದ್ರ ಲತಾಳದು 15 ಏನು, 20 ಏನು?

ವೆಂಕಟೇಶ, ಸಿರುಗುಪ್ಪ: 15.

ಮಂಜುನಾಥ, ಸಂಡೂರು: "ಹೆಚ್ಚು" ಅಂತ ಐತಲ್ಲ. 5ಕ್ಕಿಂತ 15 ಹೆಚ್ಚು ಅಂದ್ರೆ 20.

ಗಿರಿಜಾ ಮೇಡಂ: ಜನ ಮಾತಾಡೋದು 15ರ ಅರ್ಥದಲ್ಲಿ, ಅಕ್ಷರಕ್ಕೆ ಅಂಟಿಕೊಂಡರೆ 20. ಇಂಥ ವಾಕ್ಯ ಪ್ರಶ್ನೆಪತ್ರಿಕೆಗೆ ಹಾಕಲೇಬಾರದು. "ರವಿಯ ಮೂರು ಪಟ್ಟು" ಅಂತ ಬರೀರಿ, ರವಿ ಪಟ್ಟಿ ಮೂರು ಸಲ ಸಾಲಾಗಿ ಇಡಿಸ್ರಿ.

ಮಂಜುನಾಥ, ಸಂಡೂರು: ಹಾಕಿಬಿಟ್ಟವ್ರೆ ಮೇಡಂ, ಮೊನ್ನೆ ಪೇಪರಲ್ಲಿ. ಯಾವುದಕ್ಕೆ ಅಂಕ ಕೊಡ್ಲಿ?

ವೆಂಕಟೇಶ, ಸಿರುಗುಪ್ಪ: ನಿಮ್ಮ ಚಾರ್ಟ್ ಕೇಳ್ರಿ ಸರ್.