‘ವಿವರಿಸಿ’ ಎಂಬ ಒಂದು ಪದ, ಎರಡು ಬಗೆಯ ಉತ್ತರ: ಪರಿಸರದ ಪ್ರಶ್ನೆಗಳಿಗೆ ಸರಿಯಾದ ಕನ್ನಡ ಯಾವುದು?

ಕಾರವಾರದಿಂದ, ಶಿಕ್ಷಕಿ

ಬಳಗದ ಎಲ್ಲರಿಗೂ ನಮಸ್ಕಾರ.

ಪರಿಸರ ವಿಷಯದ ಪಾಠಕ್ಕೆ ನನ್ನ ಬಳಿ ಬರುವ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಈಗ ಅವರಿಗೆ ಪ್ರಶ್ನೆಗಳು ಇಂಗ್ಲಿಷಿನಲ್ಲಿ ಬರುತ್ತವೆ. ಅಭ್ಯಾಸಕ್ಕೆಂದು ಅವನ್ನು ಕನ್ನಡದಲ್ಲಿಯೂ ಬರೆದುಕೊಡುತ್ತೇನೆ. ಡಿಸ್ಕ್ರೈಬ್ ಎಂದಿದ್ದರೂ ‘ವಿವರಿಸಿ’ ಎಂದು ಬರೆಯುತ್ತೇನೆ, ಎಕ್ಸ್‌ಪ್ಲೇನ್ ಎಂದಿದ್ದರೂ ‘ವಿವರಿಸಿ’ ಎಂದೇ ಬರೆಯುತ್ತೇನೆ. ಇದರಿಂದ ಆಗುವ ನಷ್ಟ ಎಷ್ಟೆಂದು ಕಳೆದ ವಾರ ಕಣ್ಣಾರೆ ಕಂಡೆ.

ಪ್ರಶ್ನೆ ಹೀಗಿತ್ತು: ‘ಅಳಿವೆಯ ದಡದಲ್ಲಿ ಕಾಂಡ್ಲಾ ಗಿಡಗಳಿದ್ದರೆ ಮಣ್ಣಿನ ಕೊರೆತ ಕಡಿಮೆಯಾಗುತ್ತದೆ. ವಿವರಿಸಿ.’ ನಾಲ್ಕು ಅಂಕ. ಇಂಗ್ಲಿಷಿನಲ್ಲಿ ಇದ್ದದ್ದು ಎಕ್ಸ್‌ಪ್ಲೇನ್. ಕಾಂಡ್ಲಾ ಎಂದರೆ ನಮ್ಮ ಕಡೆ ಮ್ಯಾಂಗ್ರೋವ್. ಕಾಳಿ ನದಿಯ ದಡದಲ್ಲೇ ಬೆಳೆದ ಹುಡುಗಿಯೊಬ್ಬಳು ಬರೆದದ್ದು ಇದು:

‘ಕಾಂಡ್ಲಾ ಗಿಡಗಳು ಉಪ್ಪುನೀರಿನಲ್ಲಿ ಬೆಳೆಯುತ್ತವೆ. ಅವುಗಳಿಗೆ ಊರುಗೋಲಿನಂತಹ ಬೇರುಗಳಿವೆ. ಬೇರುಗಳ ನಡುವೆ ಏಡಿ, ಸಿಗಡಿ, ಮೀನಿನ ಮರಿಗಳಿರುತ್ತವೆ. ಕಾಂಡ್ಲಾ ಇರುವ ಕಡೆ ಕೆಸರು ಹೆಚ್ಚು.’

ನಾಲ್ಕು ವಾಕ್ಯಗಳೂ ನಿಜ. ಆದರೆ ಕೊರೆತ ಏಕೆ ಕಡಿಮೆಯಾಗುತ್ತದೆ ಎಂಬ ಮಾತು ಒಂದರಲ್ಲೂ ಇಲ್ಲ. ಬೇರು ಒಂದು ಕಡೆ ಇದೆ, ಕೆಸರು ಇನ್ನೊಂದು ಕಡೆ ಇದೆ, ನಡುವೆ ಕೊಂಡಿಯೇ ಇಲ್ಲ. ಅಂಕ ಕೊಡಲು ನನಗೆ ಕೈ ಬರಲಿಲ್ಲ. ಆಮೇಲೆ ಅವಳನ್ನು ಕೂರಿಸಿಕೊಂಡು ಬಾಯಲ್ಲಿ ಕೇಳಿದೆ. ‘ಬೇರುಗಳು ಒತ್ತಾಗಿರುವುದರಿಂದ ಒಳಗೆ ಬಂದ ನೀರಿನ ವೇಗ ತಗ್ಗುತ್ತದೆ. ವೇಗ ತಗ್ಗಿದಾಗ ನೀರು ಹೊತ್ತು ತಂದ ಮಣ್ಣನ್ನು ಹಿಡಿದಿಟ್ಟುಕೊಳ್ಳಲಾರದೆ ಕೆಳಗೆ ಬಿಡುತ್ತದೆ. ಆ ಮಣ್ಣು ಬೇರುಗಳ ನಡುವೆ ಸಿಕ್ಕಿಕೊಳ್ಳುವುದರಿಂದ ಮುಂದಿನ ಇಳಿತದಲ್ಲಿ ಪೂರ್ತಿಯಾಗಿ ಕೊಚ್ಚಿಹೋಗುವುದಿಲ್ಲ’ ಎಂದು ತಾನಾಗಿಯೇ ಹೇಳಿದಳು. ಅವಳಿಗೆ ಎಲ್ಲವೂ ಗೊತ್ತಿತ್ತು. ನನ್ನ ‘ವಿವರಿಸಿ’ ಅದನ್ನು ಕೇಳಿರಲಿಲ್ಲ.

ಆದ್ದರಿಂದ ನನ್ನ ಪ್ರಶ್ನೆ: ಈ ಎರಡಕ್ಕೆ ಬೇರೆ ಬೇರೆ ಕನ್ನಡ ಪದಗಳಿವೆಯೇ? ಇವ್ಯಾಲ್ಯುಯೇಟ್ ಮತ್ತು ಡಿಸ್ಕಸ್ ಎಂಬವುಗಳಿಗೆ ನಾನು ಬಳಸುವ ‘ಮೌಲ್ಯಮಾಪನ ಮಾಡಿ’, ‘ಚರ್ಚಿಸಿ’ ಸರಿಯೇ?

ಶಿರಸಿಯಿಂದ, ನಿವೃತ್ತ ಕನ್ನಡ ಅಧ್ಯಾಪಕ

ಮೇಡಂ, ತಪ್ಪು ನಿಮ್ಮದಲ್ಲ. ‘ವಿವರಣ’ ಎಂಬುದಕ್ಕೆ ಸಂಸ್ಕೃತದಲ್ಲಿ ಮುಚ್ಚಿದ್ದನ್ನು ತೆರೆಯುವುದು ಎಂಬ ಅರ್ಥ. ವ್ಯಾಖ್ಯಾನ ಗ್ರಂಥಗಳಿಗೆ ವಿವರಣ ಎಂದು ಹೆಸರಿಡುತ್ತಿದ್ದದ್ದು ಅದಕ್ಕೇ. ಹಾಗೆ ನೋಡಿದರೆ ‘ವಿವರಿಸು’ ಎಕ್ಸ್‌ಪ್ಲೇನ್ ಕಡೆಗೇ ಹತ್ತಿರ. ಆದರೆ ಕನ್ನಡದಲ್ಲಿ ‘ವಿವರ’ ಎಂದರೆ ಹೆಸರು, ವಿಳಾಸ, ಅಳತೆ, ಪಟ್ಟಿ. ಅರ್ಜಿಯಲ್ಲಿ ‘ಜಮೀನಿನ ವಿವರ’ ಎಂದರೆ ಯಾರೂ ಕಾರಣ ಬರೆಯುವುದಿಲ್ಲ, ಸರ್ವೆ ನಂಬರು ಬರೆಯುತ್ತಾರೆ. ನಿಮ್ಮ ಹುಡುಗಿ ಈ ಎರಡನೆಯ ಅರ್ಥವನ್ನು ಹಿಡಿದಳು.

ಡಿಸ್ಕ್ರೈಬ್ ಎಂಬುದಕ್ಕೆ ನಿಘಂಟು ‘ವರ್ಣಿಸು’ ಎನ್ನುತ್ತದೆ. ಪರಿಸರದ ಉತ್ತರಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳ ನೆನಪು ಆ ಪದಕ್ಕೆ ಇನ್ನೂ ಅಂಟಿಕೊಂಡಿದೆ. ‘ಬಣ್ಣಿಸು’ ಎಂದರೆ ಹೊಗಳಿಕೆಯೂ ಸೇರಿಕೊಳ್ಳುತ್ತದೆ. ‘ಅಘನಾಶಿನಿ ಅಳಿವೆಯನ್ನು ವರ್ಣಿಸಿ’ ಎಂದರೆ ಮಗು ‘ರಮಣೀಯ’ ಎಂದು ಶುರುಮಾಡುತ್ತದೆ. ‘ಹೇಗಿದೆ ಎಂದು ಬರೆಯಿರಿ’ ಎಂಬುದು ನನ್ನ ಸೂಚನೆ. ಎಕ್ಸ್‌ಪ್ಲೇನ್ ಎಂಬುದಕ್ಕೆ ನಮ್ಮ ಪ್ರಶ್ನೆಪತ್ರಿಕೆಗಳ ಹಳೆಯ ‘ಕಾರಣ ಕೊಡಿ’ ಇದ್ದೇ ಇದೆ.

ಕಾರವಾರದಿಂದ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ

ಇದು ಅಷ್ಟು ಕಷ್ಟವಲ್ಲ ಎನಿಸುತ್ತದೆ. ‘ಹೇಗೆ’ ಎಂದರೆ ಡಿಸ್ಕ್ರೈಬ್, ‘ಏಕೆ’ ಎಂದರೆ ಎಕ್ಸ್‌ಪ್ಲೇನ್. ಇವ್ಯಾಲ್ಯುಯೇಟ್ ಎಂಬುದಕ್ಕೆ ಹತ್ತನೆಯ ತರಗತಿಯ ಸಮಾಜವಿಜ್ಞಾನದಲ್ಲಿ ಬರುವ ‘ಸಮರ್ಥಿಸಿ’ ಸಾಕು. ಡಿಸ್ಕಸ್ ಎಂದರೆ ಪರ, ವಿರೋಧ, ಕೊನೆಗೆ ಮುಂದಿನ ದಾರಿ.

ಶಿರಸಿಯಿಂದ, ನಿವೃತ್ತ ಅಧ್ಯಾಪಕ

‘ಹೇಗೆ’ ಎಂಬುದನ್ನು ಅಷ್ಟು ನಂಬಬೇಡಿ ತಮ್ಮಾ. ಗಜನಿ ಎಂದರೆ ಅಳಿವೆಯ ಪಕ್ಕದ, ಒಡ್ಡು ಕಟ್ಟಿದ ಉಪ್ಪುಗದ್ದೆ. ‘ಗಜನಿಯಲ್ಲಿ ಕಗ್ಗ ಭತ್ತ ಹೇಗೆ ಬೆಳೆಯುತ್ತಾರೆ’ ಎಂದರೆ ಕೆಲಸದ ಕ್ರಮ ಹೇಳಿದರೆ ಸಾಕು. ‘ಉಪ್ಪುಗದ್ದೆಯಲ್ಲಿ ಕಗ್ಗ ಹೇಗೆ ಬದುಕುತ್ತದೆ’ ಎಂದರೆ ಕಾರಣ ಹೇಳಲೇಬೇಕು. ಎರಡರಲ್ಲೂ ಇರುವುದು ‘ಹೇಗೆ’. ವಾಕ್ಯಗಳ ನಡುವೆ ಯಾವ ಪದ ಹಾಕಿದರೆ ಉತ್ತರ ನಿಲ್ಲುತ್ತದೆ ಎಂದು ನೋಡಿ. ‘ಆಮೇಲೆ’ ಹಾಕಿದರೆ ಸಾಕಾಗುವ ಉತ್ತರ ಒಂದು, ‘ಆದ್ದರಿಂದ’ ಇಲ್ಲದೆ ಕುಸಿಯುವ ಉತ್ತರ ಇನ್ನೊಂದು.

‘ಸಮರ್ಥಿಸಿ’ ಎಂಬುದನ್ನು ಮಾತ್ರ ಖಂಡಿತ ಬಳಸಬೇಡಿ. ಅದರಲ್ಲಿ ತೀರ್ಮಾನವನ್ನು ಪ್ರಶ್ನೆ ಕೇಳಿದವರೇ ಮಾಡಿಬಿಟ್ಟಿರುತ್ತಾರೆ, ವಿದ್ಯಾರ್ಥಿ ಅದಕ್ಕೆ ಸಾಕ್ಷಿ ಒದಗಿಸಬೇಕು ಅಷ್ಟೇ. ಇವ್ಯಾಲ್ಯುಯೇಟ್ ಎಂಬಲ್ಲಿ ತೀರ್ಮಾನವೇ ವಿದ್ಯಾರ್ಥಿಯ ಕೆಲಸ.

ಕಾರವಾರದಿಂದ, ಶಿಕ್ಷಕಿ

ಸರ್, ‘ಆಮೇಲೆ’, ‘ಆದ್ದರಿಂದ’ ಎಂಬ ಪರೀಕ್ಷೆಯನ್ನು ನಿನ್ನೆಯೇ ತರಗತಿಯಲ್ಲಿ ಮಾಡಿಸಿದೆ. ಮಕ್ಕಳು ತಮ್ಮ ಉತ್ತರಗಳನ್ನು ತಾವೇ ತಿದ್ದಿಕೊಂಡರು.

‘ಮೌಲ್ಯಮಾಪನ’ದ ಕಷ್ಟ ಬೇರೆ. ಮಕ್ಕಳಿಗೆ ಮೌಲ್ಯಮಾಪನ ಎಂದರೆ ಉತ್ತರಪತ್ರಿಕೆ ತಿದ್ದುವುದು. ‘ಗಜನಿಯ ಒಡ್ಡಿನ ರಕ್ಷಣೆಗೆ ಕಾಂಡ್ಲಾ ನೆಡುವ ಕ್ರಮವನ್ನು ಮೌಲ್ಯಮಾಪನ ಮಾಡಿ’ ಎಂದು ಕೊಟ್ಟಿದ್ದೆ. ಒಬ್ಬ ಹುಡುಗ ಕಾಂಡ್ಲಾದ ಐದು ಉಪಯೋಗ ಬರೆದು ‘ಆದ್ದರಿಂದ ಇದು ತುಂಬಾ ಮೌಲ್ಯಯುತ’ ಎಂದು ಮುಗಿಸಿದ್ದ. ಒಂದೇ ಒಂದು ಕೊರತೆಯನ್ನೂ ಬರೆದಿರಲಿಲ್ಲ. ಕೇಳಿದರೆ, ‘ಕೊರತೆ ಬರೆದರೆ ಕಾಂಡ್ಲಾ ಬೇಡ ಅಂದಂತೆ ಆಗುವುದಿಲ್ಲವೇ?’ ಎಂದ.

ಕುಮಟಾ ಕಡೆಯಿಂದ, ಗಜನಿ ಬೇಸಾಯಗಾರ

ಅಕ್ಕೋರೇ, ಕಾಂಡ್ಲಾ ನೆಡುವ ವಿಚಾರ ಎತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಪದಗಳ ವಿಷಯ ನನಗೆ ತಿಳಿಯದು. ನಮ್ಮ ಒಡ್ಡಿನ ಹೊರಗೆ ಎರಡು ಸಲ ಕಾಂಡ್ಲಾ ನೆಟ್ಟಿದ್ದೇವೆ. ಮೊದಲ ಸಲ ಹೊಳೆಯ ಸೆಳೆತಕ್ಕೆ ನೇರವಾಗಿ ಸಿಗುವ ಕಡೆ ನೆಟ್ಟೆವು, ಮಳೆಗಾಲದ ನೆರೆಗೆ ಸಸಿಗಳೆಲ್ಲ ಹೋದವು. ಎರಡನೆಯ ಸಲ ಕೆಸರು ತುಸು ಏರಿದ ಕಡೆ ನೆಟ್ಟದ್ದು ನಿಂತಿತು, ಈಗ ಅಲ್ಲಿ ಅಲೆ ಒಡ್ಡಿಗೆ ನೇರ ಬಡಿಯುವುದಿಲ್ಲ. ಆದರೆ ಬಲಿಯಲು ವರ್ಷಗಳು ಬೇಕಾದವು. ಅಲ್ಲಿಯವರೆಗೆ ಒಡ್ಡನ್ನು ನಾವೇ ಕಾಯಬೇಕಾಯಿತು.

ಇನ್ನೊಂದು ಮಾತು. ನಮ್ಮಲ್ಲಿ ಒಡ್ಡು ಒಡೆಯುವುದು ಅಲೆಯಿಂದ ಮಾತ್ರ ಅಲ್ಲ. ಏಡಿ ತೂತು ಕೊರೆಯುತ್ತದೆ, ಆ ತೂತಿನಲ್ಲಿ ಭರತದ ನೀರು ಜಿನುಗಿ ಜಿನುಗಿ ದೊಡ್ಡ ಬಾಯಿ ಬೀಳುತ್ತದೆ. ಅದಕ್ಕೆ ಕಾಂಡ್ಲಾ ಏನೂ ಮಾಡಲಾರದು, ಮಳೆಗೆ ಮುಂಚೆ ಮಣ್ಣು ಮೆತ್ತಲೇಬೇಕು. ನೀರಿನ ಬಾಗಿಲ ಹತ್ತಿರದ ಕಾಲುವೆಯಲ್ಲಿ ಗಿಡ ಎದ್ದರೆ ನೀರು ಸರಾಗ ಹೋಗುವುದೂ ಇಲ್ಲ. ನಿಮ್ಮ ಇಲಾಖೆಯವರಿಗೆ ಇದನ್ನು ಹೇಳಿ.

ಕಾರವಾರದಿಂದ, ಶಿಕ್ಷಕಿ

ಅಣ್ಣಾ, ನಾನು ಯಾವ ಇಲಾಖೆಯವಳೂ ಅಲ್ಲ, ಆದರೆ ನಿಮ್ಮ ಪತ್ರದಿಂದ ನನಗೆ ದೊಡ್ಡ ಉಪಕಾರವಾಯಿತು. ನನ್ನ ಹುಡುಗನ ಉತ್ತರದಲ್ಲಿ ಏನು ಇರಲಿಲ್ಲವೋ ಅದೆಲ್ಲ ನಿಮ್ಮದರಲ್ಲಿ ಇದೆ. ಎಲ್ಲಿ ನೆಟ್ಟರೆ ನಿಲ್ಲುತ್ತದೆ, ಎಷ್ಟು ಕಾಲಕ್ಕೆ ಫಲ, ಯಾವ ಹಾನಿಗೆ ಮದ್ದು, ಯಾವುದಕ್ಕೆ ಅಲ್ಲ. ಇವು ಅಳತೆಗೋಲುಗಳು. ಇವನ್ನು ಮೊದಲು ಇಟ್ಟುಕೊಳ್ಳದಿದ್ದರೆ ತೂಗುವುದು ಯಾವುದರಿಂದ?

ಇಂದು ಅದೇ ಹುಡುಗನ ಕೈಯಲ್ಲಿ ಮತ್ತೆ ಬರೆಸಿದೆ. ಪ್ರಶ್ನೆಯನ್ನು ‘ಎಷ್ಟರಮಟ್ಟಿಗೆ ಸಾಕಾಗುತ್ತದೆ? ತೂಗಿ ನೋಡಿ ತೀರ್ಮಾನ ಹೇಳಿ’ ಎಂದು ಬದಲಾಯಿಸಿದ್ದೆ. ಅವನ ಕೊನೆಯ ಸಾಲುಗಳು: ‘ಅಲೆಯ ಹೊಡೆತವೇ ಮುಖ್ಯ ತೊಂದರೆಯಾಗಿದ್ದು, ಕೆಸರು ನಿಲ್ಲುವ ಜಾಗವಿದ್ದರೆ ಕಾಂಡ್ಲಾ ಒಳ್ಳೆಯ ಕ್ರಮ. ಆದರೆ ಬಲಿಯಲು ವರ್ಷಗಳು ಬೇಕು, ಏಡಿ ತೂತಿಗೆ ಅದು ಉತ್ತರವಲ್ಲ. ಆದ್ದರಿಂದ ಒಡ್ಡಿನ ವಾರ್ಷಿಕ ದುರಸ್ತಿಯ ಜೊತೆಗೆ ನೆಡಬೇಕು, ಅದರ ಬದಲಿಗೆ ಅಲ್ಲ.’ ಕೊರತೆ ಬರೆದೂ ಕಾಂಡ್ಲಾ ಬೇಡ ಎಂದು ಹೇಳಬೇಕಾಗಲಿಲ್ಲ ಎಂಬುದು ಅವನಿಗೇ ಆಶ್ಚರ್ಯ.

ಉಳಿದದ್ದು ‘ಚರ್ಚಿಸಿ’. ಪಠ್ಯಪುಸ್ತಕದ ಚಟುವಟಿಕೆಗಳಲ್ಲಿ ‘ಗೆಳೆಯರೊಂದಿಗೆ ಚರ್ಚಿಸಿ’ ಎಂದಿರುವುದರಿಂದ ಕೆಲವರು ಅದನ್ನು ಬಾಯಿಮಾತಿನ ಕೆಲಸ ಎಂದುಕೊಂಡಿದ್ದಾರೆ. ‘ಗಜನಿಯಲ್ಲಿ ವರ್ಷವಿಡೀ ಸಿಗಡಿ ಸಾಕುವುದನ್ನು ಚರ್ಚಿಸಿ’ ಎಂದರೆ ಪರ ಮೂರು, ವಿರೋಧ ಮೂರು ಎಂದು ಎರಡು ಪಟ್ಟಿ ಮಾಡುತ್ತಾರೆ. ಆ ಎರಡು ಪಟ್ಟಿಗಳು ಒಂದಕ್ಕೊಂದು ಮಾತನಾಡುವುದೇ ಇಲ್ಲ.

ಕುಮಟಾ ಕಡೆಯಿಂದ, ಗಜನಿ ಬೇಸಾಯಗಾರ

ಸಿಗಡಿಗೆ ಪರ, ವಿರೋಧ ಎಂದು ಎರಡೇ ಕಡೆ ಇಲ್ಲ ಅಕ್ಕೋರೇ. ಕಗ್ಗ ಕೊಯ್ದ ಮೇಲೆ ಬಾಗಿಲು ತೆರೆದು ಭರತದ ನೀರು ಬಿಟ್ಟರೆ, ಕೊಳೆಯುವ ಕೂಳೆ ತಿಂದು ಸಿಗಡಿ, ಮೀನು ತಾವಾಗಿಯೇ ಬೆಳೆಯುತ್ತಿದ್ದವು. ಆ ಸಿಗಡಿಗೆ ನಾವು ಯಾರೂ ವಿರೋಧಿಗಳಲ್ಲ. ಮಳೆಗಾಲದಲ್ಲಿಯೂ ಉಪ್ಪುನೀರು ಒಳಗೇ ನಿಂತರೆ ಮಣ್ಣಿನ ಉಪ್ಪು ತೊಳೆದು ಹೋಗುವುದಿಲ್ಲ, ಆಗ ಪಕ್ಕದವನ ಕಗ್ಗವೂ ಏಳುವುದಿಲ್ಲ. ಗುತ್ತಿಗೆಗೆ ಕೊಟ್ಟವನಿಗೆ ಕೈಗೆ ಹಣ ಬರುತ್ತದೆ. ಗದ್ದೆಯೇ ಇಲ್ಲದೆ ಅಲ್ಲಿ ಮೀನು ಹಿಡಿಯುತ್ತಿದ್ದವನಿಗೆ ಏನೂ ಬರುವುದಿಲ್ಲ.

ಶಿರಸಿಯಿಂದ, ನಿವೃತ್ತ ಅಧ್ಯಾಪಕ

ಚರ್ಚೆ ಎಂದರೆ ಇದು. ಒಂದೇ ಗದ್ದೆ, ಆದರೆ ಗುತ್ತಿಗೆ ಕೊಟ್ಟವನು, ಪಕ್ಕದವನು, ಮೀನು ಹಿಡಿಯುವವನು ಬೇರೆ ಬೇರೆ. ಉತ್ತರದ ಪ್ಯಾರಾಗಳನ್ನು ಹಾಗೆ ಒಡೆಯಬೇಕು. ‘ಆದರೆ ಅದೇ ನೀರು ಪಕ್ಕದ ಗದ್ದೆಗೆ...’ ಎಂದು ಒಂದರ ಮಾತನ್ನು ಇನ್ನೊಂದು ಎತ್ತಿಕೊಳ್ಳಬೇಕು. ಕೊನೆಗೆ ತೀರ್ಮಾನ ಬೇಕೇ ಬೇಕು.

ಕಾರವಾರದಿಂದ, ಶಿಕ್ಷಕಿ

ಇಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ ಸರ್. ಕೇಂಬ್ರಿಜ್ ಪರೀಕ್ಷೆಯ ಪರಿಸರ ನಿರ್ವಹಣೆ ಪಠ್ಯಕ್ರಮದಲ್ಲಿ ಇಂತಹ ಆಜ್ಞಾಪದಗಳ ಪಟ್ಟಿಯೇ ಇದೆ. ಇವ್ಯಾಲ್ಯುಯೇಟ್ ಎಂಬಲ್ಲಿ ಗುಣ, ಮಹತ್ವ, ಬೆಲೆಯನ್ನು ನಿರ್ಣಯಿಸಬೇಕು ಎಂದಿದೆ. ಡಿಸ್ಕಸ್ ಎಂಬಲ್ಲಿ ವಿಷಯವನ್ನು ಆಳವಾಗಿ, ಕ್ರಮಬದ್ಧವಾಗಿ ಬರೆಯಬೇಕು ಎಂದಷ್ಟೇ ಇದೆ. ತೀರ್ಮಾನದ ಮಾತು ಅಲ್ಲಿ ಇಲ್ಲ.

ಕಾರವಾರದಿಂದ, ಯುವಕ

‘ಸಮರ್ಥಿಸಿ’ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಸರ್. ಆದರೆ ನಾವು ಬರೆಯುವ ಪರೀಕ್ಷೆಗಳಿಗೆ ಕೊನೆಯಲ್ಲಿ ನಿಲುವಿಲ್ಲದ ಚರ್ಚೆ ಅರ್ಧಕ್ಕೆ ನಿಂತಂತೆ ಕಾಣುತ್ತದೆ ಎಂದೇ ನಮಗೆ ಹೇಳಿಕೊಟ್ಟಿದ್ದಾರೆ.

ಶಿರಸಿಯಿಂದ, ನಿವೃತ್ತ ಅಧ್ಯಾಪಕ

ಪಟ್ಟಿಯಲ್ಲಿ ಇಲ್ಲದಿದ್ದರೆ ಬಲವಂತ ಮಾಡಲಾರೆ ಮೇಡಂ. ಎಲ್ಲ ಕಡೆಯವರನ್ನೂ ಮಾತನಾಡಿಸಿ ಕೊನೆಗೆ ಸುಮ್ಮನೆ ಎದ್ದುಹೋಗುವುದು ನನಗೆ ಸರಿಕಾಣುವುದಿಲ್ಲ. ‘ಎಲ್ಲ ಕಡೆಯಿಂದ ನೋಡಿ ಬರೆಯಿರಿ’ ಎಂದು ಒಮ್ಮೆ ಕೊಟ್ಟು ನೋಡಿ. ಎಷ್ಟು ಮಕ್ಕಳು ತಾವಾಗಿಯೇ ತೀರ್ಮಾನ ಬರೆಯುತ್ತಾರೆ ಎಂದು ಇಲ್ಲಿ ತಿಳಿಸಿ.

ಕಾರವಾರದಿಂದ, ಶಿಕ್ಷಕಿ

ಸೋಮವಾರ ಕೊಡುತ್ತೇನೆ. ಪ್ರಶ್ನೆ ಸಿಗಡಿಯದ್ದೇ. ಅಣ್ಣಾ, ಕಗ್ಗ ಬಿತ್ತುವ ಹೊತ್ತಿಗೆ ಮಕ್ಕಳನ್ನು ನಿಮ್ಮ ಒಡ್ಡಿನ ಮೇಲೆ ಕರೆತರಬಹುದೇ?